ತಂತಿ ಕಂಬಕ್ಕೆ ಕಟ್ಟಿದ ಈಚಲ ಗರಿ

ನನ್ನ ಸೋದರಮಾವ ಆದೆಪ್ಪ ತಳಕಲ್ಲಿನ ದರ್ಜಿ. ಬಯಲಾಟದವರಿಗೆ ಅಂಗಿ ಹೊಲಿದು ಹೊಲಿದು, ಕಥೆ ಕಟ್ಟುವುದೂ ತನಗೆ ಬರುತ್ತದೆಂದು ನಂಬಿದ್ದ. ಬರುತ್ತಿತ್ತು ಕೂಡ. ಧೈರ್ಯದ ಮಾತು ಬಂದಾಗ ಮಾತ್ರ ಅವನ ಕೈ ಖಾಲಿ. ಇದನ್ನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ.

೧೯೪೭ರ ಚಳಿಗಾಲ. ತಳಕಲ್ಲು ಇನ್ನೂ ನಿಜಾಮರ ಆಳ್ವಿಕೆಯಲ್ಲಿತ್ತು, ಗದಗ ಗಡಿಯಾಚೆ. ಗದಗಿನಲ್ಲಿ ಫೋಟೊ ತೆಗೆಯುತ್ತಿದ್ದ ಉಮರಸಾಬನಿಗೆ ಕೀಲಿ ಕೊಟ್ಟು ಓಡಿಸುವ ಸಣ್ಣ ಸಿನೆಮಾ ಕ್ಯಾಮೆರಾ ಸಿಕ್ಕಿತು. ಜೊತೆಗೆ ಒಂದೇ ಸುರುಳಿ, ನಾಲ್ಕು ನಿಮಿಷದ್ದು. ವಿಜಯನಗರ ಬಿದ್ದ ಸುದ್ದಿ ಒಂದು ಹಳ್ಳಿಗೆ ಮುಟ್ಟಿದ ದಿನವನ್ನು ಮಾವ ಒಂಬತ್ತು ಹಾಳೆಗಳಲ್ಲಿ ಬರೆದ. ಎಡಕ್ಕೆ ಆಟ, ಬಲಕ್ಕೆ ಅಂಗಿ-ಸಾಮಾನು, ಕೆಳಗೆ ಮುಚ್ಚಿಡಬೇಕಾದ್ದು.

ಅಂಗಿಗೆ ಗುಂಡಿ ಬೇಡ, ಬಟ್ಟೆಯ ಕಸಿ ದಾರ ಕಟ್ಟಬೇಕು. ಬಿಳಿ ಧೋತರ ಚಿತ್ರದಲ್ಲಿ ಕಣ್ಣು ಕುಕ್ಕುತ್ತದೆಂದು ಉಮರಸಾಬ ಹೇಳಿದ್ದಕ್ಕೆ, ಮಾವ ಅವನ್ನೆಲ್ಲ ತೆಳ್ಳಗಿನ ಅರಿಷಿಣದ ನೀರಿನಲ್ಲಿ ಅದ್ದಿದ. ಕತ್ತಿ ಬೇವಿನ ಕಟ್ಟಿಗೆಯವು, ಮೇಲೆ ಹೊಳೆಯುವ ಬೇಗಡೆ ಹಾಳೆ. ಹೆಂಗಸರು ಕೊರಳಿನ ರೂಪಾಯಿ ಸರ ತೆಗೆಯಬೇಕು, ನಾಣ್ಯದ ಮೇಲೆ ನಿಜಾಮರ ಅಚ್ಚಿದೆ. ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕಬಾರದು, ಆಗ ಅದು ಈ ಸೀಮೆಗೆ ಬಂದಿರಲಿಲ್ಲ. ಹೆಂಚಿನ ಮಾಡಿಗೆ ಜೋಳದ ಕಣಕಿ ಹೊದಿಸಬೇಕು. ಶೇಂಗಾ ಹೊಲ ಬೆನ್ನ ಹಿಂದಿರುವಂತೆ ಕ್ಯಾಮೆರಾ ನಿಲ್ಲಿಸಬೇಕು.

ಉಳಿದದ್ದು ರೈಲು ಹಾದಿಯ ತಂತಿ ಕಂಬ. ಕ್ಯಾಮೆರಾ ತುಸು ಬಾಗಿಸಿದರೆ ತಂತಿ ತಪ್ಪಿತು, ಕಂಬ ತಪ್ಪಲಿಲ್ಲ. ಅದನ್ನೇ ಮರ ಮಾಡಿದರಾಯಿತೆಂದು ಸಿಂದಿ ಇಳಿಸುವ ಓಬಳೆಪ್ಪನನ್ನು ಕರೆದ. ಅವನಿಗೆ ಓದು ಬಾರದು. ಮರೆತರೆ ಯಾರಿಂದಲಾದರೂ ಓದಿಸಿಕೊಳ್ಳಲಿ ಎಂದು ಹಾಳೆಯೊಂದನ್ನು ಮಾವ ತಾನೇ ಮಡಿಚಿ ಅವನ ರುಮಾಲಿನಲ್ಲಿ ಸಿಕ್ಕಿಸಿದ.

ಆ ದಿನಗಳಲ್ಲಿ ನಿಜಾಮರ ವಿರುದ್ಧ ಎದ್ದವರು ಗಡಿಯಾಚೆಯಿಂದ ಬಂದು ತಂತಿ ಕತ್ತರಿಸುತ್ತಿದ್ದರು. ಮಾವನಿಗೆ ಗೊತ್ತಿತ್ತು. ಸುರುಳಿ ಹಳತಾಗಿ ಕೆಡುತ್ತದೆ, ಇನ್ನು ತಡ ಬೇಡ ಅಂದ. ಹುಚ್ಚು ಮುಂದೆ, ಬುದ್ಧಿ ಹಿಂದೆ.

ಹೊತ್ತು ಏರುವ ಮೊದಲೇ ಓಬಳೆಪ್ಪ ಕಂಬ ಹತ್ತಿ, ಸೊಂಟದ ಹಗ್ಗದ ಮೇಲೆ ಒರಗಿ, ಈಚಲ ಗರಿಗಳನ್ನು ಸುತ್ತಲೂ ಬಿಗಿಯುತ್ತಿದ್ದ. ಗಸ್ತಿನ ಪೊಲೀಸರು ಬಂದರು. ಉಮರಸಾಬ ಕ್ಯಾಮೆರಾ ಅಪ್ಪಿಕೊಂಡು ಹೊಲ ಬಿದ್ದ, ಗದಗಿಗೇ ಹೋಗಿ ನಿಂತ. ಆಡುವವರೂ ದಿಕ್ಕಿಗೊಬ್ಬರಾದರು. ಮಾವ ಹಾಳುಗೋಡೆಯ ಹಿಂದೆ, ಧೋತರದ ಗಂಟಿನ ಮೇಲೆ ಬೋರಲು ಮಲಗಿದ. ಓಬಳೆಪ್ಪ ಇಳಿಯುವಷ್ಟರಲ್ಲಿ ಕೆಳಗೆ ನಾಲ್ಕು ಲಾಠಿಗಳಿದ್ದವು.

ರುಮಾಲಿನಿಂದ ಹಾಳೆ ಸಿಕ್ಕಿತು. ಗುಮಾಸ್ತ ಅದನ್ನು ಠಾಣೆಯ ಅಧಿಕಾರಿ ಅಮೀನನಿಗೆ ಉರ್ದುವಿನಲ್ಲಿ ಹೇಳಿದ: ‘ಹನ್ನೆರಡು ಕತ್ತಿ, ಎಂಟು ದೀವಟಿಗೆ. ತಂತಿ ಕಂಬ ಕಾಣಬಾರದು. ಚಕ್ಕಡಿಯ ಜಾಡು ಬರಲು ಕಸಬರಿಗೆಯಿಂದ ಅಳಿಸಬೇಕು. ಸರಕಾರದ ಯಾವ ಗುರುತೂ ಉಳಿಯಬಾರದು.’ ಇದು ಸಿನೆಮಾ ಎಂದು ಯಾರು ನಂಬಬೇಕು? ಬರೆದವನು ಯಾರೆಂದು ಅಮೀನ ಕೇಳಿದ. ನಾನೇ ಎಂದ ಓಬಳೆಪ್ಪ. ಹೆಸರು ಬರಿ ಎಂದು ಸೀಸದಕಡ್ಡಿ ಕೊಟ್ಟರು. ಅಕ್ಷರ ಮೂಡಲಿಲ್ಲ; ನಿಜವಾಗಿ ಬರೆದವನ ಹೆಸರು ಹೇಳೆಂದು ಆ ಕೈಗೇ ಹೊಡೆತ ಶುರುವಾಯಿತು.

ಸಂಜೆ ಓಬಳೆಪ್ಪನ ಹೆಂಡತಿ ದುರುಗವ್ವ ಮಾವನ ಬಾಗಿಲಿಗೆ ಬಂದಳು.

“ಆ ಹಾಳಿ ಬರದಾಂವ ನಾನು ಅಂತ ಹೋಗಿ ಹೇಳ್ರಿ ಅಣ್ಣಾರ. ಅಷ್ಟ ಸಾಕು.”

“ನಾಳಿ ಹೋಗ್ತೀನಿ ತಂಗಿ,” ಅಂದ ಮಾವ.

ಮರುದಿನವೂ ಬಂದಳು. ನಾಳೆ ಅಂದ. ಅವನಿಗೆ ಭಯವಾಗಿತ್ತು, ಅಷ್ಟೇ. ಜ್ವರವೆಂದು ಕಂಬಳಿ ಹೊದ್ದದ್ದು ನಾಟಕ.

ಮೂರನೆಯ ದಿನ ಬೆಳಿಗ್ಗೆ ಗಂಟು ಹೊತ್ತು ಠಾಣೆಗೆ ಹೋದ. ಉಳಿದ ಎಂಟು ಹಾಳೆಗಳನ್ನು ಮುಂದಿಟ್ಟ. ಕಸಿ ಅಂಗಿ ತೊಟ್ಟು ತೋರಿಸಿದ. ಕತ್ತಿಯ ಬೇಗಡೆ ಕಿತ್ತು ಬೇವಿನ ಕಟ್ಟಿಗೆ ತೋರಿಸಿದ. ಅರಿಷಿಣದ ಧೋತರ ಯಾಕೆಂದು ವಿವರಿಸಿದ. ಮೆಣಸಿನಕಾಯಿಯ ಮಾತು ಕೇಳಿ ಗುಮಾಸ್ತ ನಕ್ಕ, ಆಮೇಲೆ ಅಮೀನನೂ ನಕ್ಕ. ಮಾವನಿಗೆ ಎರಡು ಏಟು ಕೊಟ್ಟು ಇಬ್ಬರನ್ನೂ ಬಿಟ್ಟರು. ಎಲ್ಲ ಸೇರಿ ಅರ್ಧ ತಾಸು ಹಿಡಿಯಲಿಲ್ಲ.

ಓಬಳೆಪ್ಪನ ಬಲಗೈ ಬೆರಳುಗಳು ಬೇರೆ ಬೇರೆ ದಿಕ್ಕಿಗೆ ತಿರುಗಿದ್ದವು. ಇನ್ನು ಆ ಕೈ ಮರ ಹಿಡಿಯುವುದಿಲ್ಲವೆಂದು ನೋಡಿದವರಿಗೆಲ್ಲ ತಿಳಿಯುತ್ತಿತ್ತು. ಚಕ್ಕಡಿಯಲ್ಲಿ ಮಲಗಿಸಿ, ಕಸಿ ಅಂಗಿಯ ತೋಳು ಹರಿದು ಮಾವ ಕೈಗೆ ಸುತ್ತಿದ.

“ನನ್ನ ಹೆಸರು ಯಾಕ ಹೇಳಲಿಲ್ಲೋ ಓಬಳ್ಯಾ?”

“ಹೇಳಿದ್ರ ನಿನ್ನ ಕೈನೂ ಮುರೀತಿದ್ರು. ನೀನಾಗಿ ಬರಾಂಗಿಲ್ಲ ಅಂತ ತಿಳದಿದ್ದೆ ಅಣ್ಣಾ,” ಅಂದ ಅವನು. “ಬರಾಂವಾಗಿದ್ರ, ಮೊದಲನೇ ದಿನ ಯಾಕ ಬರಲಿಲ್ಲ?”