ಕೂಡಿಟ್ಟ ಸೂಟಿ

ಬೆಳಗಾವಿಯ ಶಹಾಪುರದ ಒಂದು ಹೋಟೆಲಿನಲ್ಲಿ ನಾನು ದೋಸೆ ಹಾಕುತ್ತೇನೆ. ಮೊದಲೆಲ್ಲ ಬೆಳಿಗ್ಗೆ ಒಲೆ ಹೊತ್ತಿಸಿದರೆ ರಾತ್ರಿ ಬಾಗಿಲು ಹಾಕುವ ತನಕ ನಿಂತೇ ಇರಬೇಕಿತ್ತು. ಓವರ್‌ಟೈಮ್ ಅನ್ನುವ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

ಊರಿಂದ ಬಂದ ನಾವೆಲ್ಲ ವಾರಕ್ಕೊಂದು ದಿನದ ಸೂಟಿಯನ್ನು ಕೂಡಿಡುತ್ತಿದ್ದೆವು. ಒಂದು ದಿನ ಹೋಗಿ ಬರುವುದಕ್ಕಿಂತ ನಾಲ್ಕು ದಿನ ಒಟ್ಟಿಗೆ ಊರಲ್ಲಿರುವುದು ಚಲೋ ಅನಿಸುತ್ತಿತ್ತು. ಒಂದಷ್ಟು ಕೂಡಿದ ಮೇಲೆ ಮಾಲೀಕ ಒಮ್ಮೆಲೇ ಬಿಡುತ್ತಿದ್ದ. ಹಾಜರಿ ಪುಸ್ತಕದಲ್ಲಿ ಮಾತ್ರ ಪ್ರತಿ ಸೋಮವಾರ ರಜೆ, ಉಳಿದ ದಿನ ಎಂಟೇ ತಾಸು ಕೆಲಸ ಎಂದು ಬರೆದಿರುತ್ತಿತ್ತು. ಪಗಾರದ ದಿನ ಇಡೀ ತಿಂಗಳಿನ ಸಹಿ ಒಟ್ಟಿಗೆ ಹಾಕುತ್ತಿದ್ದೆವು.

ಅವ್ವ ಖಾನಾಪುರದ ಗುಂಜಿಯಲ್ಲಿ ಅಕ್ಕನ ಮನೆಯಲ್ಲಿದ್ದಳು. ಗಂಟಲಲ್ಲಿ ಗಡ್ಡೆ. ಆಪರೇಷನ್ ಆದ ಮೇಲೆ ದನಿ ಇರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು.

ಅಕ್ಕ ಫೋನ್ ಮಾಡಿದಳು: "ಮುಂದಿನ ವಾರ ಆಪರೇಷನ್. ಅವ್ವಗ ದನಿ ಇರೂದ್ರಾಗ ಬಂದು ಹೋಗೋ."

ಅಷ್ಟರಲ್ಲಿ ಹೋಟೆಲ್ ಬೇರೆಯವರ ಕೈಗೆ ಹೋಗಿತ್ತು. ಹೊಸ ಮ್ಯಾನೇಜರನಿಗೆ ನಾನು ಕೂಡಿಟ್ಟ ಸೂಟಿ ಬಾಕಿ ಇದೆ ಎಂದೆ. ಅವನು ಹಾಜರಿ ಪುಸ್ತಕ ತೆರೆದ.

"ಎಲ್ಲಾ ಸೋಮಾರ ಸೂಟಿ ತಗೊಂಡೀಯಲ್ಲೋ. ಈ ಸಹಿ ಯಾರ್ದು, ನಿಮ್ಮಜ್ಜಂದೇನು?"

"ನಂದ ರೀ. ಆದ್ರ ನಾ ಕೆಲಸ ಮಾಡೇನ್ರಿ."

"ಹೋಗೂದಿದ್ರ ಹೋಗು. ತಿರುಗಿ ಬರಬ್ಯಾಡ."

ಅವ್ವನ ಆಸ್ಪತ್ರೆ ಖರ್ಚಿಗೆ ನನ್ನ ಪಗಾರ ಬೇಕಿತ್ತು. ಹೋಗಲಿಲ್ಲ.

ಮರುದಿನ ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಕಾರ್ಮಿಕ ಕಚೇರಿಗೆ ಹೋದೆ. ಅಧಿಕಾರಿ ನನ್ನನ್ನು ಕೂರಿಸಿ ಎಲ್ಲ ಕೇಳಿಸಿಕೊಂಡರು.

"ವಾರದ ಸೂಟಿ ಆಯಾ ವಾರನ ಕೊಡಬೇಕಪಾ. ಕೂಡಿಸಿಡೂದು ಕಾಯ್ದೇದಾಗ ಇಲ್ಲ. ಹೆಚ್ಚಿನ ತಾಸಿಗೆ ಡಬಲ್ ಪಗಾರ ಬರಬೇಕು. ಅದೂ ಬಂದಿಲ್ಲಂದ್ರ ಅರ್ಜಿ ಕೊಡು. ನಾವು ಬಂದು ನೋಡ್ತೇವಿ. ನಿನ್ನ ಜೋಡಿ ಕೆಲಸ ಮಾಡವ್ರು ಖರೇ ಹೇಳಬೇಕು, ಯಾಕಂದ್ರ ನೀವೆಲ್ಲಾ ಸಹಿ ಹಾಕೀರಿ."

"ಈ ವಾರ ಆಕ್ಕೈತೇನ್ರಿ ಸಾಹೇಬ್ರ?"

"ಇಲ್ಲಪಾ. ನೋಟಿಸು, ತಪಾಸಣೆ, ಎಲ್ಲಾದಕ್ಕೂ ಟೈಮ್ ಹಿಡೀತೈತಿ."

ಅರ್ಜಿ ಕೊಟ್ಟೆ.

ಆಪರೇಷನ್ನಿನ ಹಿಂದಿನ ದಿನ ಅವ್ವನೇ ಫೋನ್ ಮಾಡಿದಳು. ಅಡುಗೆಮನೆಯ ಫ್ಯಾನಿನ ಸದ್ದಿಗೆ ಅವಳ ಒಡೆದ ದನಿ ಅರ್ಧ ಕೇಳಲಿಲ್ಲ. "ಉಂಡೇನೋ?" ಅಂದದ್ದು ಕೇಳಿತು. "ಹೂಂ" ಅಂದೆ. ಇನ್ನೂ ಏನೋ ಹೇಳಿದಳು. ಮ್ಯಾನೇಜರ್ "ಮೂರು ಮಸಾಲಿ!" ಎಂದು ಕೂಗಿದ.

ಅದಾದ ಮೇಲೆ ಕಾರ್ಮಿಕ ಕಚೇರಿಯವರು ತಪಾಸಣೆಗೆ ಬಂದಾಗ ಹೋಟೆಲಿನ ದೋಸ್ತರು ಇದ್ದದ್ದನ್ನು ಹೇಳಿದರು. ಈಗ ಬಂದ ಹೊತ್ತು, ಹೋದ ಹೊತ್ತು ಅಂದಂದೇ ಬರೆಯುತ್ತಾರೆ. ಹೆಚ್ಚಿನ ತಾಸಿನ ದುಡ್ಡು ಬರುತ್ತದೆ. ಸೋಮವಾರ ಖರೇ ಸೂಟಿ.

ಪ್ರತಿ ಸೋಮವಾರ ರೈಲು ಹತ್ತಿ ಗುಂಜಿಗೆ ಹೋಗುತ್ತೇನೆ. ಅವ್ವನ ಕುತ್ತಿಗೆಯಲ್ಲಿ ತೂತಿದೆ, ಅದರಲ್ಲೇ ಉಸಿರಾಟ. ಅವತ್ತು ಫೋನಿನಲ್ಲಿ ಮತ್ತೇನಂದಿ ಎಂದು ಒಮ್ಮೆ ಕೇಳಿದೆ. ಓದುಬರಹ ಅವಳಿಗೆ ಬರದು. ಬಹಳ ಹೊತ್ತು ತುಟಿ ಆಡಿಸಿದಳು, ಕೈ ಆಡಿಸಿದಳು. ನನಗೆ ತಿಳಿಯಲಿಲ್ಲ. ಕೊನೆಗೆ ಊಟದ ತಾಟು ನನ್ನ ಕಡೆ ಸರಿಸಿದಳು.