ಎರಡು ಪುಟ ಭೂತಕಾಲ

ಖಾನಾಪುರದ ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ವಿಜ್ಞಾನ ಕಲಿಸುವ ಕಿರಿಯ ಸಹೋದ್ಯೋಗಿಯೂ ನನ್ನಂತೆ ಬೆಳಗಾವಿಯವಳು. ದಿನಾ ಒಂದೇ ಬಸ್ಸು ನಮಗೆ. ಒಂದು ಬೆಳಿಗ್ಗೆ ಆರು ಪುಟ ನನ್ನ ತೊಡೆಯ ಮೇಲಿಟ್ಟಳು. ಹೊರದೇಶದ ವಿಶ್ವವಿದ್ಯಾಲಯವೊಂದಕ್ಕೆ ಪರಿಸರ ಶಿಕ್ಷಣ ಓದಲು ಹಾಕುತ್ತಿದ್ದ ಅರ್ಜಿಯ ಜೊತೆ, ತನ್ನ ಬಗ್ಗೆ ತಾನೇ ಇಂಗ್ಲಿಷಿನಲ್ಲಿ ಬರೆದುಕೊಡಬೇಕಾದ ಪರ್ಸನಲ್ ಸ್ಟೇಟ್‌ಮೆಂಟ್.

"ಅಕ್ಕಾರ, ಅರ್ಧ ಹೋದ ವರ್ಷ ಬರದದ್ದು, ಅರ್ಧ ಈಗ ಬರದದ್ದು. ಕಾಲ ಎಲ್ಲಾ ಕಲಸಿಹೋಗ್ಯಾವ. ಶನಿವಾರ ಕಳಸಬೇಕ್ರಿ."

ಅಂಥ ಅರ್ಜಿ ನಾನೂ ಒಮ್ಮೆ ಹಾಕಿದ್ದೆ. ಸೀಟು ಸಿಗಲಿಲ್ಲ, ಮತ್ತೊಮ್ಮೆ ಹಾಕುವ ಧೈರ್ಯ ಬರಲಿಲ್ಲ. ಇವಳೋ ಎರಡನೆಯ ಸಲ ಹಾಕುತ್ತಿದ್ದಾಳೆ, ಅದೂ ನಗುತ್ತಾ! ಹೊಟ್ಟೆ ಉರಿಯಿತು ನನಗೆ. ಸುಳ್ಳೇಕೆ ಹೇಳಲಿ.

ಕೆಲಸ ಕಷ್ಟದ್ದೇನಲ್ಲ. ಮುಗಿದದ್ದು ಯಾವುದು, ನಡೆಯುತ್ತಿರುವುದು ಯಾವುದು, ಮುಂದೆ ಮಾಡಬೇಕೆಂದಿರುವುದು ಯಾವುದು ಎಂದು ಮೊದಲು ಬೇರೆ ಮಾಡಿಕೊಂಡು, ಆಮೇಲೆ ಒಂದೊಂದೇ ಕ್ರಿಯಾಪದ ನೋಡುತ್ತ ಹೋಗಬೇಕು. ನಂದಗಡದ ಶಾಲೆಯಲ್ಲಿ 'ಕಲಿಸುತ್ತಿದ್ದೇನೆ' ಎಂದಿತ್ತು, ಆ ಶಾಲೆ ಬಿಟ್ಟು ಎಷ್ಟೋ ತಿಂಗಳಾಗಿತ್ತು. 'ಕಲಿಸಿದೆ' ಎಂದು ತಿದ್ದಿದೆ. ಓದಿದ ಡಿಗ್ರಿ, ಮಾಡಿದ ಪ್ರಾಜೆಕ್ಟು, ಎಲ್ಲ ಭೂತಕಾಲ. ಸರಿಯಾಗಿಯೇ ಹೋಗುತ್ತಿತ್ತು.

ಆಮೇಲೆ ಕಾಡಂಚಿನ ಊರು ಜಾಂಬೋಟಿಯ ಎರಡು ಪುಟ ಬಂದವು. ಪ್ರತಿ ಭಾನುವಾರ ಅಲ್ಲಿನ ಮಕ್ಕಳನ್ನು ಕಾಡಿಗೆ ಕರೆದುಕೊಂಡು ಹೋಗಿ ಗಿಡಗಳ ಹೆಸರು ಬರೆಸುತ್ತಾಳೆ. ಕನ್ನಡದ್ದು, ಮರಾಠಿಯದ್ದು, ಎರಡೂ. ಇದು ಇಡೀ ಅರ್ಜಿಯ ಜೀವ. ಇಂದಿಗೂ ನಡೆಯುತ್ತಿರುವ ಕೆಲಸ ಎಂಬುದೇ ಅದರ ತೂಕ. ಓದುತ್ತ ಓದುತ್ತ, ಇವಳಿಗೆ ಈ ಸಲ ಸಿಕ್ಕೇ ಸಿಗುತ್ತದೆ ಅನ್ನಿಸಿತು. ಕೆಂಪು ಪೆನ್ನಿನಿಂದ ಎರಡೂ ಪುಟಗಳ ಕ್ರಿಯಾಪದಗಳನ್ನೆಲ್ಲ ಭೂತಕಾಲಕ್ಕೆ ತಳ್ಳಿದೆ. ಹೋಗುತ್ತಿದ್ದೆ, ಬರೆಸುತ್ತಿದ್ದೆ, ಮಕ್ಕಳು ಕಾಯುತ್ತಿದ್ದರು. ಓದಿದವರಿಗೆ, ಈಕೆ ನಡುವೆಯೇ ಕೈಬಿಟ್ಟಳು ಎಂದೇ ಅನ್ನಿಸಬೇಕು.

ಶನಿವಾರ ಶಾಲೆ ಬಿಟ್ಟ ಮೇಲೆ ಕಂಪ್ಯೂಟರ್ ಕೋಣೆಯಲ್ಲಿ ಅವಳು ನನ್ನ ತಿದ್ದುಪಡಿಗಳನ್ನು ಟೈಪ್ ಮಾಡಿದಳು. ಜಾಂಬೋಟಿಗೆ ಬಂದಾಗ ಅವಳ ಬೆರಳು ನಿಂತಿತು. ಪಕ್ಕದಲ್ಲೇ ಕೂತಿದ್ದ ನಾನು ಪರದೆಯನ್ನೇ ನೋಡುತ್ತಿದ್ದೆ.

"ನಾ ಇನ್ನೂ ಹೋಗ್ತೀನಲ್ರಿ..." ಎಂದಳು. ಮರುಗಳಿಗೆ ತಾನೇ ತಲೆಯಾಡಿಸಿದಳು. "ಇರ್ಲಿ ಬಿಡ್ರಿ. ನೀವು ತಿದ್ದೀರಿ ಅಂದ್ರ ಹಂಗ ಇರಬೇಕು. ನನಗೇನ ತಿಳೀತೈತಿ ಇಂಗ್ಲಿಷು?"

ಟೈಪ್ ಮುಗಿಸಿ ಫೈಲ್ ಏರಿಸಿದಳು. ಕಳಿಸುವ ಗುಂಡಿಯ ಮೇಲೆ ಬಾಣದ ಗುರುತು ಬಂತು. ನಾನು ಅವಳ ಮಣಿಕಟ್ಟು ಹಿಡಿದುಬಿಟ್ಟೆ.

"ತಡಿ. ಆ ಎರಡು ಪುಟ ತಪ್ಪಾಗೈತಿ. ನೀ ಬರದದ್ದ ಖರೇ."

"ದಣದಿದ್ರಿ ಅನಸ್ತದ ಅಕ್ಕಾರ."

"ಹೂಂ," ಎಂದೆ. ಅಷ್ಟೇ ಎಂದೆ. ಇಬ್ಬರೂ ಕೂತು ಒಂದೊಂದೇ ಕ್ರಿಯಾಪದವನ್ನು ಮತ್ತೆ ವರ್ತಮಾನಕ್ಕೆ ತಂದು ಕಳಿಸಿದೆವು.

ಸೀಟು ಸಿಕ್ಕಿತು. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಕುಂದಾ ಹಂಚುತ್ತ ಹೇಳಿದಳು: "ಅಕ್ಕಾರು ಎರಡೆರಡ ಸಲ ತಿದ್ದಿ ಕೊಟ್ಟಾರ್ರಿ. ಒಡಹುಟ್ಟಿದಾಕಿನೂ ಇಷ್ಟ ಮಾಡಂಗಿಲ್ಲ."

ಎಲ್ಲರೂ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಎರಡನೆಯ ಸಲ ಯಾಕೆ ತಿದ್ದಬೇಕಾಯಿತು ಎಂದು ಯಾರೂ ಕೇಳಲಿಲ್ಲ.