ಸಮಿತಿಗೆ ಹೋಗದ ಪತ್ರ

ಸಂಸದರೊಬ್ಬರ ದಿನಚರಿ ಬರೆದಿಡುವುದು ನನ್ನ ಕೆಲಸ. ಅಂಗನವಾಡಿ ಗೌರವಧನದಲ್ಲಿ ಕೇಂದ್ರದ ಪಾಲು ಏಕೆ ಹೆಚ್ಚಾಗಿಲ್ಲವೆಂದು ಅವರಿಂದ ಸರ್ಕಾರವನ್ನು ಕೇಳಿಸಲು ಹಾನಗಲ್ಲಿನ ಅಂಗನವಾಡಿ ಕಾರ್ಯಕರ್ತೆ ಅಕ್ಕ ಒಬ್ಬರು ನನಗೆ ಪತ್ರ ಕೊಟ್ಟಿದ್ದರು. ಬಜೆಟ್ ಮಂಡನೆಯ ನಂತರ ಸದನಕ್ಕೆ ಬಿಡುವಿರುವಾಗ, ಸಂಸದರ ಸ್ಥಾಯಿ ಸಮಿತಿ ಅಧಿಕಾರಿಗಳನ್ನು ಕರೆಸಿ ಅಂಗನವಾಡಿಗಳ ಇಲಾಖೆಯ ಅನುದಾನದ ಬೇಡಿಕೆಯನ್ನು, ಅಂದರೆ ಅದು ವರ್ಷದ ಖರ್ಚಿಗೆ ಕೇಳುವ ಹಣವನ್ನು, ಪರಿಶೀಲಿಸುತ್ತದೆ. ನಮ್ಮ ಸಾಹೇಬರು ಆ ಸಮಿತಿಯಲ್ಲಿದ್ದರು. ಆದರೆ ಸಮಿತಿಯ ಸಭೆ ಟೀವಿಯಲ್ಲಿ ಬರುವುದಿಲ್ಲ. ಸಾಹೇಬರಿಗೆ ಹೆಸರು ಬರಲೆಂಬ ಆಸೆಗೆ ನಾನು ಪತ್ರವನ್ನು ಸದನದ ಚರ್ಚೆಗೆಂದು ತೆಗೆದಿಟ್ಟೆ. ಆ ಇಲಾಖೆ ಚರ್ಚೆಗೇ ಬರಲಿಲ್ಲ. ಕೊನೆಯ ಸಂಜೆ ಉಳಿದ ಬೇಡಿಕೆಗಳನ್ನೆಲ್ಲ ಚರ್ಚೆಯಿಲ್ಲದೆ ಒಟ್ಟಿಗೆ ಮತಕ್ಕೆ ಹಾಕಿ ಒಪ್ಪಿಬಿಟ್ಟರು.

ಅಕ್ಕ ಫೋನು ಮಾಡಿದರು. “ಟೀವಿ ಮುಂದ ಎಲ್ಲಾರೂ ಕುಂತಿದ್ವಿರಿ. ಸಾಹೇಬ್ರು ಏಳಲೇ ಇಲ್ಲಲ್ರಿ?”

“ಅವಕಾಶ ಸಿಗಲಿಲ್ರಿ, ಅಕ್ಕಾರ.”

“ಇರಲಿ ಬಿಡ್ರಿ. ನೀವರ ಏನ್ ಮಾಡ್ತೀರಿ?”

ನಾನು ಬರೆದಿಟ್ಟ ದಿನಚರಿಯಲ್ಲಿ, ಅವರ ಪ್ರಶ್ನೆ ಕೇಳಬಹುದಾಗಿದ್ದ ಸಮಿತಿ ಸಭೆಯ ಎರಡು ದಿನಾಂಕಗಳಿದ್ದವು. ಅದನ್ನು ಅವರಿಗೆ ಹೇಳಲು ನನ್ನಿಂದ ಆಗಲಿಲ್ಲ.